ಎಣಿಸಿ ಎಳೆದ ಉಸಿರು

ಗಡಿಯಾರ ಆರು ಮುಟ್ಟುವ ಮೊದಲೇ ವೈವಾಗೆ ಎಚ್ಚರವಾಯಿತು. ಎಚ್ಚರವೆಂದರೆ ಎಚ್ಚರವಲ್ಲ, ರಾತ್ರಿಯಿಡೀ ಅರೆಬರೆ ನಿದ್ದೆ ಮಾಡಿ ಸೋತು ಕಣ್ಣು ಬಿಟ್ಟದ್ದು ಅಷ್ಟೇ. ಎದ್ದು ಬಚ್ಚಲಿಗೆ ಹೋಗಿ ಬಂದಳು. ಎದೆಬಡಿತ ಅಳೆಯುವ ಪಟ್ಟಿಯನ್ನು ತಣ್ಣೀರಲ್ಲಿ ನೆನೆಸಿ ಎದೆಗೆ ಬಿಗಿದುಕೊಂಡು ಮತ್ತೆ ಅಂಗಾತ ಮಲಗಿದಳು. ಫೋನಿನ ಗುಂಡಿ ಒತ್ತಿದಳು. ಇನ್ನು ಮೂರು ನಿಮಿಷ ಅಲುಗುವಂತಿಲ್ಲ.

ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ. ಒಳಗೆ ನಾಲ್ಕು, ಹೊರಗೆ ಆರು.

ಈ ಎಣಿಕೆಯೇ ಅವಳ ಕಳ್ಳತನ. ಹೃದಯ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ಒಂದೇ ಸಮ ಬಡಿಯುವುದಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೈ ಆರಾಮಾಗಿದ್ದರೆ ಆ ಏರಿಳಿತ ಜಾಸ್ತಿ, ಮೈ ಬಳಲಿದರೆ ಕಡಿಮೆ. ಆ ಏರಿಳಿತವನ್ನೇ ಅಳೆದು ಪಟ್ಟಿ ಒಂದು ಅಂಕಿ ಕೊಡುತ್ತದೆ. ಆದರೆ ಉಸಿರನ್ನು ಬೇಕೆಂದೇ ನಿಧಾನ ಮಾಡಿದರೂ ಅಂತರ ಹಿಗ್ಗುತ್ತದೆ, ಅಂಕಿ ಏರುತ್ತದೆ. ಮೈಗೆ ಎಳ್ಳಷ್ಟೂ ವಿಶ್ರಾಂತಿ ಸಿಕ್ಕಿರುವುದಿಲ್ಲ, ಅಂಕಿ ಮಾತ್ರ ಹಬ್ಬ ಮಾಡುತ್ತಿರುತ್ತದೆ.

ಅರವತ್ತಾರು ಬಂತು. ದೋಣಿ ಪಂದ್ಯದ ತರಬೇತುದಾರ ಆಲ್ಗಿಸ್‌ಗೆ ಕಳಿಸಿದಳು. ಭೇಷ್ ಎನ್ನುವ ಹೆಬ್ಬೆರಳಿನ ಚಿತ್ರ ಮರುಕ್ಷಣವೇ ಬಂತು. ಥೂ, ಆ ಹೆಬ್ಬೆರಳು ನೋಡಿದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇದು ಶುರುವಾದದ್ದು ಫೆಬ್ರವರಿಯಲ್ಲಿ. ಅದರ ಹಿಂದಿನ ವರ್ಷ ಆಲ್ಗಿಸ್‌ನ ಕೈಕೆಳಗಿನ ಒಬ್ಬ ಹುಡುಗಿ ಜ್ವರವಿದ್ದರೂ ಹುಟ್ಟು ಹಾಕಿ ಹಾಕಿ ಹಾಸಿಗೆ ಹಿಡಿದಿದ್ದಳು. ಅಂದಿನಿಂದ ಆ ಮನುಷ್ಯನಿಗೆ ಭಯ ಹೊಕ್ಕಿತು. ಅಂಕಿ ಕೆಳಗೆ ಬಿತ್ತೋ, ದೋಣಿ ಇಳಿಸುವಂತಿಲ್ಲ ಎಂದು ಕಾನೂನು ಮಾಡಿದ. ವೈವಾ ಅಕ್ಕನ ಮದುವೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಕೂತೇ ಬಂದಿದ್ದಳು. ಯಾವಾಗಲೂ ನಲವತ್ತೆಂಟರಿಂದ ಅರವತ್ತರೊಳಗೆ ಇರುತ್ತಿದ್ದ ಅಂಕಿ ಆ ಒಂದು ಬೆಳಗ್ಗೆ ಮೂವತ್ತೇಳಕ್ಕೆ ಇಳಿಯಿತು. ಆಲ್ಗಿಸ್ ಒಂದು ವಾರ ಅವಳನ್ನು ದಡದಲ್ಲಿ ಕೂರಿಸಿದ. ಮರುದಿನವೇ ಅಂಕಿ ಐವತ್ತೆರಡಕ್ಕೆ ಬಂದರೂ ಕೇಳಲಿಲ್ಲ. ಆ ಒಂದು ವಾರ ಇಬ್ಬರ ದೋಣಿಯಲ್ಲಿ ಅವಳ ಸೀಟಿನಲ್ಲಿ ಕೂತವಳು ಆಸ್ತೇಯಾ, ಇಪ್ಪತ್ತೆರಡು ವರ್ಷದವಳು.

ವೈವಾಗೆ ಮೂವತ್ತಮೂರು. ಈ ವರ್ಷದ ಅರ್ಹತಾ ಸ್ಪರ್ಧೆ ತಪ್ಪಿದರೆ ಇನ್ನೊಂದು ಬರುವುದಿಲ್ಲ, ಅವಳ ಪಾಲಿಗೆ ಕತೆ ಮುಗಿದಂತೆ. ದೋಣಿಯ ಮುಂದಿನ ಸೀಟು ಮಿಲ್ದಾಳದ್ದು ಎಂದು ಖಾತ್ರಿಯಾಗಿತ್ತು. ಇನ್ನೊಂದು ಸೀಟಿಗಾಗಿ ವೈವಾ ಮತ್ತು ಆಸ್ತೇಯಾ. ಹಾಗಾಗಿ ಅವಳು ಉಸಿರು ಎಣಿಸಲು ಕಲಿತಳು. ಅಂಕಿ ಏರಿತು. ಏರಿದ್ದನ್ನು ನೋಡಿ ಆಲ್ಗಿಸ್ ಖುಷಿಯಾಗಿ ಕೆಲಸ ಹೆಚ್ಚಿಸಿದ. ಇವಳು ಇನ್ನಷ್ಟು ಬಳಲಿದಳು, ಇನ್ನಷ್ಟು ನಿಧಾನ ಉಸಿರಾಡಿದಳು, ಅವನು ಇನ್ನಷ್ಟು ಹೇರಿದ. ಎಂಟು ವಾರ ಹೀಗೇ ನಡೆಯಿತು, ಕೊನೆಯ ಮೂರು ವಾರ ಗಾಲ್ವೆ ಕೆರೆಯ ದಡದ ಶಿಬಿರದಲ್ಲಿ, ಆಸ್ತೇಯಾಳ ಜೊತೆ ಒಂದೇ ಕೋಣೆಯಲ್ಲಿ.

ಅರವತ್ತಾರು ಬಂದ ಆ ದಿನ ಕೆರೆಯಲ್ಲಿ ಗಾಳಿಯೇ ಇರಲಿಲ್ಲ, ನೆಪ ಹೇಳಲೂ ಏನಿರಲಿಲ್ಲ. ಎರಡು ಸಾವಿರ ಮೀಟರಿಗೆ ತನ್ನ ಹಳೆಯ ಸಮಯಕ್ಕಿಂತ ಏಳು ಸೆಕೆಂಡು ತಡವಾಗಿ ಮುಟ್ಟಿದಳು. ಕಾಲುಗಳು ಮರಗಟ್ಟಿದ್ದವು. ಪ್ರಾಣ ಬಿಟ್ಟು ಎಳೆದರೂ ನಾಡಿ ನೂರ ಅರವತ್ತೆರಡು ದಾಟಲಿಲ್ಲ, ಮೊದಲಾದರೆ ನೂರ ಎಂಬತ್ತು ಸಲೀಸಾಗಿ ಮುಟ್ಟುತ್ತಿತ್ತು. ದಡಕ್ಕೆ ಬಂದಾಗ ಆಲ್ಗಿಸ್ ಸೈಕಲ್ ಮೇಲೆ ಒಂದು ಕಾಲೂರಿ ನಿಂತಿದ್ದ.

"ಏನಾಯ್ತು ನಿಂಗೆ?"

"ಕಾಲು ಏಳ್ತಾ ಇಲ್ಲ, ಕೋಚ್."

"ಕಾಲಿಗೇನಾಗಿದೆ? ಬೆಳಗ್ಗೆ ಅರವತ್ತಾರು! ನಿನ್ನ ಜನ್ಮದಲ್ಲೇ ಇಂಥ ಅಂಕಿ ಬಂದಿರ್ಲಿಲ್ಲ. ನಿನ್ನ ಮೈ ಗಟ್ಟಿಯಾಗಿದೆ. ತೊಂದರೆ ಇರೋದು ಇಲ್ಲಿ," ಎಂದು ತನ್ನ ತಲೆ ತಟ್ಟಿಕೊಂಡ. "ನಾಳೆ ಸೀಟಿನ ಪರೀಕ್ಷೆ. ಹೆದರಿಕೆ ಬಿಡು ಮಾರಾಯ್ತಿ."

ವೈವಾ ಬಗ್ಗಿ ಹುಟ್ಟುಗಳನ್ನು ಎತ್ತಿಕೊಂಡಳು. ಏನಂತ ಹೇಳುವುದು? ತಾನೇ ಹುಟ್ಟಿಸಿದ ಸುಳ್ಳು ಈಗ ತನಗೇ ತಿರುಗಿ ಬಿದ್ದು, ನಿನ್ನ ಸುಸ್ತು ಸುಳ್ಳು ಎನ್ನುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅವಳಿಗೇ ಒಂದು ಗಳಿಗೆ ಅನುಮಾನ ಬಂದದ್ದು. ನಿಜವಾಗಿಯೂ ತಲೆಯಲ್ಲೇ ಇದೆಯೇನೋ?

ಮರುದಿನ ಬೆಳಗ್ಗೆ ಪಟ್ಟಿ ಕಟ್ಟಿಕೊಂಡು ಮಲಗಿದಾಗ ಅವಳು ಎಣಿಸಲಿಲ್ಲ. ಕಿಟಕಿ ನೋಡುತ್ತ, ಉಸಿರು ಬಂದ ಹಾಗೆ ಬರಲಿ ಎಂದು ಬಿಟ್ಟಳು. ಮೂವತ್ತಾರು. ನಾಡಿ ಐವತ್ತೊಂದು, ಚಳಿಗಾಲದಲ್ಲಿ ಅದು ನಲವತ್ತನಾಲ್ಕಿತ್ತು. ಪಕ್ಕದ ಮಂಚದಲ್ಲಿ ಆಸ್ತೇಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ವೈವಾ ಫೋನು ಜೇಬಿಗೆ ಹಾಕಿಕೊಂಡು ಕೆಳಗಿಳಿದಳು.

ಆಲ್ಗಿಸ್ ಊಟದ ಕೋಣೆಯಲ್ಲಿ ಒಬ್ಬನೇ ಗಂಜಿ ತಿನ್ನುತ್ತಿದ್ದ. ಪಕ್ಕದಲ್ಲಿ ಅವನ ದಪ್ಪ ನೋಟ್‌ಬುಕ್ಕು. ಅರವತ್ತು ದಾಟಿದವನು, ಅವನ ಮುಖವೂ ಸರಿಯಾಗಿ ನಿದ್ದೆ ಕಂಡಂತಿರಲಿಲ್ಲ.

"ಇವತ್ತಿನದು ಕಳಿಸಿಲ್ಲ ನೀನು," ಅಂದ.

"ಮೂವತ್ತಾರು." ನಿಂತೇ ಎಲ್ಲ ಹೇಳಿದಳು. ಉಸಿರು, ಎಣಿಕೆ, ಎಂಟು ವಾರ. ಒಂದೇ ಗುಕ್ಕಿನಲ್ಲಿ ಹೇಳಿ ಮುಗಿಸಿದಳು.

ಆಲ್ಗಿಸ್ ಚಮಚ ಕೆಳಗಿಟ್ಟ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ, ನೋಟ್‌ಬುಕ್ಕು ತೆರೆದು ಪುಟಗಳನ್ನು ಹಿಂದೆ ಹಿಂದೆ ತಿರುವಿದ.

"ಇವತ್ತಿನ ಮೂವತ್ತಾರು ಹಿಡ್ಕೊಂಡು ನಾನೇನು ಮಾಡ್ಲಿ ಹೇಳು? ಒಂದು ದಿನದ್ದು ಏನೂ ಹೇಳಲ್ಲ. ಪರೀಕ್ಷೆ ಭಯಕ್ಕೂ ಬೀಳುತ್ತೆ, ಒಂದು ಲೋಟ ಬಿಯರಿಗೂ ಬೀಳುತ್ತೆ, ನೆಗಡಿ ಬರೋ ಹಿಂದಿನ ದಿನಾನೂ ಬೀಳುತ್ತೆ. ಏಳು ದಿನದ ಸರಾಸರಿ ನೋಡ್ಬೇಕು, ಅದು ನಿನ್ನದೇ ಮಾಮೂಲಿ ಗೆರೆಯಿಂದ ಎಷ್ಟು ಜಾರಿದೆ ಅಂತ ನೋಡ್ಬೇಕು. ಆ ಗೆರೇನೇ ಇಲ್ವಲ್ಲ ಈಗ!"

"ಫೆಬ್ರವರಿಯಲ್ಲಿ ಈ ಬುದ್ಧಿ ಎಲ್ಲಿ ಹೋಗಿತ್ತು ಕೋಚ್?" ಅವಳ ದನಿ ಒಡೆಯಿತು. "ಒಂದೇ ಒಂದು ಬೆಳಗ್ಗೆಗೆ ನನ್ನನ್ನ ಒಂದು ವಾರ ದಡದಲ್ಲಿ ಕೂರಿಸಿದ್ರಿ. ಆಗ ಸರಾಸರಿ ನೋಡಿದ್ರಾ?"

ಆಲ್ಗಿಸ್ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಇಲ್ಲ," ಅಂದ. "ನೋಡ್ಲಿಲ್ಲ." ಬೆರಳನ್ನು ಒಂದು ಸಾಲಿನ ಮೇಲೆ ಇಳಿಸುತ್ತ ಹೋದ. "ಇಲ್ನೋಡು, ನಿನ್ನ ನಾಡಿ. ನಲವತ್ತನಾಲ್ಕು, ನಲವತ್ತಾರು, ನಲವತ್ತೊಂಬತ್ತು. ನನ್ನ ಕೈಯಾರೆ ಬರ್ಕೊಂಡಿದ್ದೀನಿ. ಏಳು ಸೆಕೆಂಡು ಹೋದದ್ದನ್ನೂ ಬರ್ಕೊಂಡಿದ್ದೀನಿ. ಪಕ್ಕದಲ್ಲಿ ಅರವತ್ತಾರು ಇತ್ತಲ್ಲ, ಅದೊಂದೇ ಕಂಡದ್ದು ನನ್ನ ಹಾಳು ಕಣ್ಣಿಗೆ." ನೋಟ್‌ಬುಕ್ಕು ಮುಚ್ಚಿದ. "ಮೊದಲೆಲ್ಲ ನಾನು ಪ್ರತಿ ಬೆಳಗ್ಗೆ ನಿನ್ನನ್ನ ಕೇಳ್ತಿದ್ದೆ, ಅಲ್ವಾ? ಹೇಗಿದ್ದೀಯ ಅಂತ."

"ಈ ಪಟ್ಟಿ ಬಂದ್ಮೇಲೆ ಬಿಟ್ರಿ."

"ಈಗ ಕೇಳ್ತೀನಿ. ಹೇಗಿದ್ದೀಯ?"

ವೈವಾ ಕುರ್ಚಿಯಲ್ಲಿ ಕುಸಿದಳು. "ಸಾಕಾಗಿದೆ ಕೋಚ್. ಮೆಟ್ಟಿಲು ಹತ್ತೋಕಾಗಲ್ಲ. ಊಟ ಸೇರಲ್ಲ. ಹುಟ್ಟು ಕಂಡ್ರೆ ಅಳು ಬರುತ್ತೆ."

"ಇಷ್ಟು ಸಾಕು," ಅಂದ ಆಲ್ಗಿಸ್. "ಇವತ್ತು ನೀನು ನೀರಿಗಿಳಿಯೋದು ಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಸ್ಪರ್ಧೆಗೆ ಹೆಸರು ಕಳಿಸ್ಬೇಕು, ಆಸ್ತೇಯಾಳದ್ದು ಕಳಿಸ್ತೀನಿ. ಅವಳಿಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಮಹಡಿಯ ಮೆಟ್ಟಿಲುಗಳನ್ನು ಕಟಾಂಜನ ಹಿಡಿದು ಹತ್ತಿದಳು. ಬಾಗಿಲು ತೆಗೆದಾಗ ಆಸ್ತೇಯಾ ಅಂಗಾತ ಮಲಗಿದ್ದಳು, ಕಣ್ಣು ಮುಚ್ಚಿತ್ತು, ಎದೆಗೆ ಪಟ್ಟಿ. ಅವಳ ಹೊಟ್ಟೆ ಮೆಲ್ಲಗೆ ಮೇಲೇಳುತ್ತಿತ್ತು, ಅದಕ್ಕಿಂತ ಮೆಲ್ಲಗೆ ಕೆಳಗಿಳಿಯುತ್ತಿತ್ತು. ವೈವಾ ನಿಂತಲ್ಲೇ ನಿಂತಳು. ಬೇಡ ಬೇಡವೆಂದರೂ ಅವಳ ಮನಸ್ಸು ಎಣಿಸಿತು. ಒಳಗೆ ನಾಲ್ಕು. ಹೊರಗೆ ಆರು.

ಫೋನು ಸದ್ದು ಮಾಡಿತು. ಆಸ್ತೇಯಾ ಕಣ್ಣು ಬಿಟ್ಟಳು.

"ಹೇಗಿದ್ದೀಯೇ?" ವೈವಾ ಕೇಳಿದಳು.

"ಎಂಬತ್ತೊಂದು!"

"ಅಂಕಿ ಕೇಳ್ಲಿಲ್ಲ ಕಣೇ. ನೀನು ಹೇಗಿದ್ದೀಯ?"

ಹುಡುಗಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಕಾಲು ನೋಯುತ್ತೆ," ಅಂದಳು. "ಇಲ್ಲಿಗೆ ಬಂದಾಗಿಂದ ಅವ್ರು ಹೇರ್ತಾನೇ ಇದ್ದಾರೆ."

"ಈ ಉಸಿರು ಯಾರು ಹೇಳ್ಕೊಟ್ರು?"

"ನೀನೇ. ದಿನಾ ಬೆಳಗ್ಗೆ ಕೇಳಿಸ್ತಿತ್ತಲ್ಲ. ನಿನ್ನ ಅಂಕಿ ಏರ್ತಿತ್ತು, ನನ್ನದು ಬೀಳ್ತಿತ್ತು. ಇವಳಿಗೇನೋ ಗುಟ್ಟು ಗೊತ್ತು ಅಂತ ನಾನೂ ಮಾಡ್ದೆ." ಎದ್ದು ಕೂತು ವೈವಾಳ ಕೈ ಹಿಡಿದಳು. "ಕೋಚ್‌ಗೆ ಹೇಳ್ಬೇಡ ಕಣೇ, ದಮ್ಮಯ್ಯ. ಸೀಟು ಹೋಗುತ್ತೆ."

ಅಯ್ಯೋ ದೇವರೇ ಎಂದು ವೈವಾ ಹಣೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಳು. ತಾನೊಬ್ಬಳೇ ಕೆಟ್ಟೆ ಎಂದುಕೊಂಡಿದ್ದಳು, ಈ ಕೂಸನ್ನೂ ಕೆಡಿಸಿದ್ದಳು. "ನಾನು ಹೇಳಲ್ಲ," ಅಂದಳು. "ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ. ನಾನು ಎಂಟು ವಾರ ಹೇಳದೆ ಏನಾದೆ ನೋಡು."

ಇಬ್ಬರೂ ಕೆಳಗಿಳಿದರು. ಆಸ್ತೇಯಾ ಕಾಲುಚೀಲದಲ್ಲೇ ಬಂದಿದ್ದಳು, ಅಳುತ್ತಲೇ ಹೇಳಿದಳು. ಆಲ್ಗಿಸ್ ಇಬ್ಬರನ್ನೂ ನೋಡಿದ, ಛಾವಣಿ ನೋಡಿದ, ತಣ್ಣಗಾದ ಗಂಜಿ ನೋಡಿದ.

"ಚೆನ್ನಾಗಿದೆ," ಅಂದ. "ಬಹಳ ಚೆನ್ನಾಗಿದೆ. ನಾನೊಬ್ಬ ಕುರುಡ, ನೀವಿಬ್ಬರು ಕಳ್ಳರು." ಆಮೇಲೆ ಆಸ್ತೇಯಾಳನ್ನು ಒಂದೊಂದೇ ಕೇಳುತ್ತ ಹೋದ. ನಿದ್ದೆ ಬರುತ್ತಾ? ಬರುತ್ತೆ. ಊಟ ಸೇರುತ್ತಾ? ಹಸಿವಿಗೇನೂ ಕೊರತೆ ಇಲ್ಲ. ಎರಡು ಸಾವಿರ ಮೀಟರಿಗೆ ಎಷ್ಟು ತಡ ಆಗ್ತಿದೆ? ಎರಡು ಸೆಕೆಂಡು. ಕೇಳಿ ಮುಗಿಸಿ, ವೈವಾಳ ಕಡೆ ತಿರುಗಿದ. ಅವನ ಕಣ್ಣಲ್ಲಿ ಹತ್ತು ವರ್ಷದ ಹಳೇ ಸಲಿಗೆ ಇತ್ತು.

"ಇಬ್ಬರೂ ಬಳಲಿದೋರೇ ಅಂದ್ಮೇಲೆ ಅನುಭವ ಲೆಕ್ಕಕ್ಕೆ ಬರುತ್ತೆ. ಸ್ಪರ್ಧೆಗೆ ಹನ್ನೊಂದು ದಿನ ಇದೆ. ನಿನ್ನ ಹೆಸರೇ ಬರೀತೀನಿ, ವೈವಾ. ನೀನು ಹೂಂ ಅಂದ್ರೆ ಸಾಕು."

ಅವಳಿಗೆ ಬೇಕಾಗಿದ್ದದ್ದು ಇದೇ. ಎಂಟು ವಾರ ಸುಳ್ಳು ಹೇಳಿದ್ದು ಇದಕ್ಕೇ. ಹೂಂ ಎಂಬ ಒಂದು ಮಾತು ಗಂಟಲ ತನಕ ಬಂದಿತ್ತು. ಪಕ್ಕದಲ್ಲಿ ಆಸ್ತೇಯಾ ಉಸಿರು ಬಿಗಿಹಿಡಿದು ನಿಂತಿದ್ದಳು.

"ಇವಳ ಹೆಸರು ಬರೀರಿ," ಅಂದಳು ವೈವಾ. "ಇವಳದ್ದು ಮೂರು ವಾರದ ಸುಸ್ತು. ಮಲಗಿಸಿ, ಹಗುರವಾಗಿ ದೋಣಿ ಬಿಡಿಸಿ, ಹನ್ನೊಂದು ದಿನದಲ್ಲಿ ಎದ್ದೇಳ್ತಾಳೆ. ನಾನು ಏಳಲ್ಲ, ಕೋಚ್."

ಆಲ್ಗಿಸ್ ಪೆನ್ನು ತೆಗೆದುಕೊಂಡ.