ಅನುಬಂಧದ ಮೂರನೆಯ ಕಂಡಿಕೆ

ಸಿಂದಗಿಯ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ದಾನೇಶ್ವರಿ ಪ್ರಥಮ ದರ್ಜೆ ಸಹಾಯಕಿ. ಬೆಂಗಳೂರಿನಿಂದ ಬರುವ ಸರ್ಕಾರಿ ಆದೇಶಗಳನ್ನು ಓದಿ, ಒಂದೇ ಪುಟದಲ್ಲಿ ಅವುಗಳ ಸಾರಾಂಶ ಬರೆಯುವುದು ಅವಳ ಕೆಲಸ. ಮುಖ್ಯ ನಿರ್ದೇಶನಗಳು, ಜಾರಿಗೆ ಬರುವ ದಿನಾಂಕ, ಸಂಬಂಧಪಟ್ಟ ಇಲಾಖೆಗಳು ಎಂದು ಮೂರು ಅಂಕಣ. ಆ ಪುಟ ಶಾಲೆ, ಪಶು ಆಸ್ಪತ್ರೆ, ವಿದ್ಯಾರ್ಥಿನಿಲಯ ಎಲ್ಲೆಡೆಗೂ ಹೋಗುತ್ತಿತ್ತು. ಮೂಲ ಆದೇಶವನ್ನೂ ಜೊತೆಗೆ ಕಳಿಸುತ್ತಿದ್ದರೂ ಅದನ್ನು ತೆರೆದು ನೋಡುವವರು ಕಡಿಮೆ. ದಾನೇಶ್ವರಿಯ ಹಾಳೆ ಸಾಕು ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಡಿಸೆಂಬರ್ ಹದಿನೇಳರ ಬೆಳಿಗ್ಗೆ ಬೀರಣ್ಣ ಎಂಬ ಕುರಿಗಾರ ಮಗಳನ್ನು ಕರೆದುಕೊಂಡು ಬಂದ. ಅವನು ಮುದ್ದೇಬಿಹಾಳದ ಕಡೆಯವನು. ಪ್ರತಿ ವರ್ಷ ಹಿಂಗಾರಿನ ಹೊತ್ತಿಗೆ ಮುನ್ನೂರು ಕುರಿ ಹೊಡೆದುಕೊಂಡು ದೇವಣಗಾಂವದತ್ತ ಬಂದು, ಭೀಮಾ ದಂಡೆಯ ಹೊಲಗಳಲ್ಲಿ ನಾಲ್ಕೈದು ತಿಂಗಳು ಇರುತ್ತಿದ್ದ. ಮಗಳು ಭುವನೇಶ್ವರಿ ಊರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದಳು. ಈ ವರ್ಷ ಅತ್ತೆಯ ಸಂಸಾರ ಕಬ್ಬು ಕಡಿಯಲು ಹೋಯಿತು. ಹುಡುಗಿ ಅನಿವಾರ್ಯವಾಗಿ ಕುರಿಗಳ ಹಿಂದೆ ಬಂದಳು. ನದಿ ದಂಡೆಯ ಒಂದು ಹಳ್ಳಿಯಲ್ಲಿ ಅವಳ ಚಿಕ್ಕಮ್ಮ ಕಾಶಿಬಾಯಿಯ ಮನೆಯಿತ್ತು. ಅಲ್ಲಿದ್ದು ಪ್ರೌಢಶಾಲೆಗೆ ಹೋಗಬಹುದು ಎಂದುಕೊಂಡರೆ, ಮುಖ್ಯೋಪಾಧ್ಯಾಯರು ವಿನಯದಿಂದಲೇ ಇಲ್ಲ ಎಂದಿದ್ದರು. ಕುರಿಗಾರರ ಮಕ್ಕಳಿಗೆ ವರ್ಷದ ನಡುವೆ ಪ್ರವೇಶ ಕೊಡುವ ಹೊಸ ಆದೇಶ ಬಂದಿದೆ ನಿಜ, ಆದರೆ ಅದು ಮುಂದಿನ ಶೈಕ್ಷಣಿಕ ವರ್ಷದಿಂದ ಎಂದು ಹಾಳೆ ತೋರಿಸಿದ್ದರು. ಹುಡುಗಿ ಅದರ ಜೆರಾಕ್ಸ್ ಕೇಳಿ ತಂದಿದ್ದಳು.

ದಾನೇಶ್ವರಿ ಜೆರಾಕ್ಸ್ ನೋಡಿದಳು. ಕೆಳಗೆ ಅವಳದೇ ಸಹಿ. ಹಾಳೆಯಲ್ಲಿ ಇರುವುದು ಸರಿ, ಇನ್ನು ಐದಾರು ತಿಂಗಳು ಕಾಯಬೇಕು ಎಂದು ಬೀರಣ್ಣನಿಗೆ ಹೇಳಿದಳು. ಅವನು ತಲೆಯಾಡಿಸಿ ಎದ್ದ. ಹುಡುಗಿ ಏಳಲಿಲ್ಲ.

"ಇದರ ಮೂಲ ಆದೇಶ ತೋರಸ್ತೀರೇನ್ರಿ ಮೇಡಂ? ಇದರ ಮ್ಯಾಲ ಸಾರಾಂಶ ಅಂತ ಬರದೈತಿ."

ಬೀರಣ್ಣ ಮಗಳನ್ನು ಗದರಿಸಲು ಹೋದ. ದಾನೇಶ್ವರಿಗೂ ಒಂದು ಕ್ಷಣ ಮುಖ ಬಿಸಿಯಾಯಿತು. ಆದರೂ ಕಡತ ತೆಗೆದಳು.

ಆದೇಶ ನವೆಂಬರ್ ಹದಿನೆಂಟರದು. ಮೊದಲ ಎರಡು ಪುಟ ಕನ್ನಡ: ‘ಓದಲಾಗಿದೆ’ ಎಂಬ ಹಿಂದಿನ ಪತ್ರಗಳ ಪಟ್ಟಿ, ಪ್ರಸ್ತಾವನೆ, ಕೊನೆಗೆ ಆದೇಶ. ಆ ಆದೇಶವೋ ಹನ್ನೊಂದು ಸಾಲಿನ ಒಂದೇ ವಾಕ್ಯ. ಅನುಬಂಧದ ಷರತ್ತುಗಳಿಗೊಳಪಟ್ಟು ಪ್ರವೇಶ ನೀಡತಕ್ಕದ್ದೆಂದೂ, ವಿದ್ಯಾರ್ಥಿನಿಲಯದ ಸೌಲಭ್ಯವನ್ನು ಮುಂದಿನ ಶೈಕ್ಷಣಿಕ ಸಾಲಿನಿಂದ ಒದಗಿಸತಕ್ಕದ್ದೆಂದೂ ಅದು ಹೇಳುತ್ತಿತ್ತು. ಆ ವಾಕ್ಯದಲ್ಲಿ ಇದ್ದದ್ದು ಒಂದೇ ಕಾಲಸೂಚನೆ. ತಾನು ಅದನ್ನೇ ಎತ್ತಿ ಜಾರಿ ದಿನಾಂಕದ ಅಂಕಣದಲ್ಲಿ ಇಟ್ಟದ್ದು ಅವಳಿಗೆ ನೆನಪಾಯಿತು. ಅಂದು ಒಂಬತ್ತು ಆದೇಶಗಳು ಒಟ್ಟಿಗೆ ಬಂದಿದ್ದವು. ನಾಲ್ಕು ಪುಟದ ಅನುಬಂಧ ಇಂಗ್ಲಿಷಿನಲ್ಲಿತ್ತು. ಅರ್ಜಿ ನಮೂನೆಗಳಿರಬೇಕು ಎಂದು ಪುಟ ತಿರುವಿಬಿಟ್ಟಿದ್ದಳು.

ಈಗ ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಮೂರನೆಯ ಕಂಡಿಕೆ: ಶಾಲಾ ಪ್ರವೇಶದ ನಿಯಮ ಆದೇಶ ಹೊರಡಿಸಿದ ದಿನದಿಂದಲೇ ಜಾರಿ, ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಡಿಸೆಂಬರ್ ಮೂವತ್ತೊಂದು ಕೊನೆಯ ದಿನ. ಐದನೆಯದು: ವಿದ್ಯಾರ್ಥಿನಿಲಯಕ್ಕೆ ಮಾತ್ರ ಮುಂದಿನ ವರ್ಷ. ಆರನೆಯದರಲ್ಲಿ ಇನ್ನೊಂದು ಸಂಗತಿಯಿತ್ತು. ವರ್ಗಾವಣೆ ಪತ್ರ ಬರುವವರೆಗೆ, ಈ ಕುಟುಂಬ ಕುರಿಗಳೊಂದಿಗೆ ವಲಸೆ ಬಂದಿದೆ ಎಂದು ಸ್ಥಳೀಯ ಪಶುವೈದ್ಯಾಧಿಕಾರಿ ಕೊಡುವ ದೃಢೀಕರಣ ಸಾಕು. ಆದರೆ ಆದೇಶದ ಪ್ರತಿ ಯಾರಿಗೆಲ್ಲ ಹೋಗಬೇಕು ಎಂಬ ಕೊನೆಯ ಪಟ್ಟಿಯಲ್ಲಿ ಪಶುಸಂಗೋಪನಾ ಇಲಾಖೆಯ ಹೆಸರಿರಲಿಲ್ಲ. ಅವಳು ಇಲಾಖೆಗಳನ್ನು ಆ ಪಟ್ಟಿಯಿಂದಲೇ ಇಳಿಸಿಕೊಂಡಿದ್ದಳು.

ಎದುರಿಗಿದ್ದ ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು.

"ತಪ್ಪು ನಂದೈತಿ," ಎಂದಳು ದಾನೇಶ್ವರಿ. "ಆದೇಶ ಈಗಾಗ್ಲೇ ಜಾರಿ ಆಗೈತಿ. ನಿನಗ ಇನ್ನೂ ಹದಿನಾಲ್ಕು ದಿನ ಅದಾವು."

ತಂದೆ ಮಗಳನ್ನು ಅಲ್ಲೇ ಕೂರಲು ಹೇಳಿ ಅವಳು ವ್ಯವಸ್ಥಾಪಕ ಗುರಲಿಂಗಪ್ಪನವರ ಕೋಣೆಗೆ ಹೋದಳು. ಅವರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಹೊರಟುಹೋದ ಕಾಗದವನ್ನು ಹಿಂದಕ್ಕೆ ಪಡೆಯುವುದೆಂದರೆ ಅವರಿಗೆ ಆಗದು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಇದ್ದರೆ ನಾವು ಯಾವುದನ್ನು ಹಿಡಿಯಬೇಕು ಎಂದು ಕೇಳಿದರು. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟಳು. ಎರಡಕ್ಕೂ ಜಗಳವಿಲ್ಲ, ಕನ್ನಡದ ವಾಕ್ಯವೇ ಅನುಬಂಧವನ್ನು ನೋಡಿ ಎನ್ನುತ್ತದೆ, ಮುಂದಿನ ಶೈಕ್ಷಣಿಕ ಸಾಲು ಎಂಬ ಮಾತು ವಿದ್ಯಾರ್ಥಿನಿಲಯಕ್ಕಷ್ಟೇ ಅಂಟಿದೆ ಎಂದು ವಿವರಿಸಿದಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ, ಆದೇಶ ಹೊರಡಿಸಿದ ಶಾಖೆಯನ್ನೇ ಕೇಳಿಬಿಡು ಎಂದರು.

ಶಾಖೆಯ ಫೋನು ಮೂರನೆಯ ಸಲಕ್ಕೆ ಸಿಕ್ಕಿತು. ಅತ್ತಲಿನವರು ಅವಳ ಓದು ಸರಿ ಎಂದರು. ಬಾಯಿಮಾತು ಸಾಲದು ಎಂದು ಅವಳು ಇಮೇಲ್‌ ಕೇಳಿದಳು. ಊಟದ ಹೊತ್ತಿಗೆ ಎರಡು ಸಾಲಿನ ಉತ್ತರ ಬಂತು. ಪಶುಸಂಗೋಪನಾ ಇಲಾಖೆಗೂ ಪ್ರತಿ ಕಳಿಸುತ್ತೇವೆ ಎಂದೂ ಅದರಲ್ಲಿತ್ತು.

ದಾನೇಶ್ವರಿ ಹೊಸ ಹಾಳೆ ಬರೆದಳು. ದಿನಾಂಕದ ಅಂಕಣದಲ್ಲಿ ಈಗ ಮೂರು ಸಾಲು, ಪ್ರತಿಯೊಂದರ ಮುಂದೆ ಕಂಡಿಕೆಯ ಸಂಖ್ಯೆ. ಇಲಾಖೆಗಳ ಅಂಕಣದಲ್ಲಿ ಯಾರು ಏನು ಮಾಡಬೇಕು ಎಂಬುದೂ ಸೇರಿತು. ತಲೆಬರಹದ ಕೆಳಗೆ, ಹಿಂದಿನ ಸಾರಾಂಶದಲ್ಲಿ ಜಾರಿ ದಿನಾಂಕ ತಪ್ಪಾಗಿತ್ತು, ಅದನ್ನು ಹಿಂಪಡೆಯಲಾಗಿದೆ ಎಂದು ದಪ್ಪಕ್ಷರದಲ್ಲಿ ಹಾಕಿದಳು. ತಪ್ಪಾಗಿತ್ತು ಎಂಬ ಪದವನ್ನು ಪರಿಷ್ಕರಿಸಲಾಗಿದೆ ಎಂದು ಮಾಡಿದರೆ ಚೆಂದವಲ್ಲವೇ ಎಂದು ಗುರಲಿಂಗಪ್ಪನವರು ಸೂಚಿಸಿದರು.

"ಹಂಗ ಬರದ್ರ ಹಳೇ ಹಾಳಿ ಹಿಡಕೊಂಡು ಕೂಡ್ತಾರ್ರಿ ಸರ. ತಪ್ಪು ಅಂದ್ರನ ಹರದು ಒಗೀತಾರ."

ಅವರು ಪೆನ್ನು ತೆಗೆದು ಸಹಿ ಮಾಡಿದರು.

ಹೊಸ ಹಾಳೆ ಕೈಸೇರಿದ ಮೇಲೆ ಪಶುವೈದ್ಯ ತಬ್ರೇಜ ಮರುದಿನವೇ ಬೀರಣ್ಣ ಬೀಡುಬಿಟ್ಟಿದ್ದ ಹೊಲಕ್ಕೆ ಹೋದ. ಹೇಗೂ ಕುರಿಗಳಿಗೆ ಲಸಿಕೆ ಹಾಕಲು ಅವನು ಆ ಕಡೆ ಹೋಗಬೇಕಿತ್ತು. ಲಸಿಕೆಯನ್ನೂ ಹಾಕಿ, ದೃಢೀಕರಣವನ್ನೂ ಅಲ್ಲೇ ಬರೆದುಕೊಟ್ಟ. ಸೋಮವಾರ ಭುವನೇಶ್ವರಿಯ ಹೆಸರು ಹಾಜರಿಯಲ್ಲಿ ಸೇರಿತು. ಮುಖ್ಯೋಪಾಧ್ಯಾಯರೇ ಫೋನು ಮಾಡಿ ತಿಳಿಸಿದರು. ಹುಡುಗಿಯ ಗಣಿತ ಸ್ವಲ್ಪ ಹಿಂದಿದೆ, ಸಂಜೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತೇವೆ ಎಂದರು.

ತಿಂಗಳ ಕೊನೆಯೊಳಗೆ ತಾಲ್ಲೂಕಿನಲ್ಲಿ ಇನ್ನೂ ಆರು ಮಕ್ಕಳು ಸೇರಿದರು. ಇಂಡಿಯಿಂದಲೂ ಬಸವನ ಬಾಗೇವಾಡಿಯಿಂದಲೂ ಅದೇ ಕೆಲಸದ ಗುಮಾಸ್ತರು ಹೊಸ ಹಾಳೆ ತರಿಸಿಕೊಂಡರು. ಇಂಡಿಯ ಸಂಗಮೇಶ, ತಾನೂ ಅನುಬಂಧ ನೋಡಿರಲಿಲ್ಲ ಎಂದು ನಾಚುತ್ತ ಒಪ್ಪಿಕೊಂಡ. ಇಬ್ಬರೂ ಒಂದು ಏರ್ಪಾಟು ಮಾಡಿಕೊಂಡರು. ಅನುಬಂಧವಿರುವ ಆದೇಶ ಬಂದರೆ ಅವಳದನ್ನು ಅವನು, ಅವನದನ್ನು ಅವಳು ಮೂಲದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಕಳಿಸುವುದು. ದಿನಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಅವಳಿಗೆ ಅದು ಭಾರವೆನಿಸಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಬೀರಣ್ಣ ಸಿಂದಗಿಯ ಸಂತೆಗೆ ಬಂದವನು ಕಚೇರಿಗೂ ಬಂದ. ಬುತ್ತಿ ಗಂಟಿನಿಂದ ನಾಲ್ಕು ಸಜ್ಜೆ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ತೆಗೆದು ಮೇಜಿನ ಮೇಲೆ ಇಟ್ಟ. ಮಗಳಿಗೆ ಬಿಡುವಿಲ್ಲ, ಪರೀಕ್ಷೆ ಇದೆ ಎಂದು ಹೇಳುವಾಗ ಅವನ ಮುಖ ಅರಳಿತ್ತು. ದಾನೇಶ್ವರಿ ಗುರಲಿಂಗಪ್ಪನವರನ್ನೂ ಕರೆದಳು. ಮೂವರೂ ಕಡತಗಳನ್ನು ಪಕ್ಕಕ್ಕೆ ಸರಿಸಿ, ಕುರಿಗಳ ಸುದ್ದಿ ಮಾತಾಡುತ್ತ ರೊಟ್ಟಿ ತಿಂದರು.