ಕೆಟ್ಟ ಗಾಲಿಗಳ ಖರ್ಚು

ಬನಹಟ್ಟಿಯಲ್ಲಿ ಥ್ರೀಡಿ ಪ್ರಿಂಟರ್ ಇಟ್ಟುಕೊಂಡು ಪವರ್‌ಲೂಮುಗಳಿಗೆ ಬಿಡಿಭಾಗ ಮಾಡಿಕೊಡುವ ಕಲ್ಮೇಶ, ನೇಕಾರ ಭೀಮಶಿಗೆ ಹಲ್ಲಿನ ಗಾಲಿಯ ಬೆಲೆ ಬಿಡಿಸಿ ಹೇಳುತ್ತಿದ್ದ. ನೈಲಾನ್ ಇಷ್ಟು ಗ್ರಾಂ, ಮಷೀನು ಓಡಿದ್ದು ಇಷ್ಟು ತಾಸು, ಕಾನಸಿನಿಂದ ತಿಕ್ಕಿ ನುಣುಪು ಮಾಡಿದ ಕೂಲಿ ಇಷ್ಟು. ಕೊನೆಗೆ, "ಮೂರರಾಗ ಒಂದು ಕೆಡತೈತ್ರಿ. ಅದರ ಖರ್ಚು ಛಲೋ ಬಂದ ಎರಡರ ಮ್ಯಾಲ ಬೀಳತೈತಿ" ಎಂದ.

ಮಾಮೂಲಿಗೆ ಕೆಡುತ್ತಿದ್ದದ್ದು ಹತ್ತರಲ್ಲಿ ಒಂದು. ಈ ಸಲ ನೈಲಾನ್ ಸುರುಳಿಯನ್ನು ಒಣ ಡಬ್ಬಿಗೆ ಹಾಕದೆ, ಮಳೆಗಾಳಿಗೆ ಬಿಟ್ಟು ಮದುವೆಗೆ ಹೋದ ಪುಣ್ಯಾತ್ಮ ಇವನೇ. ತೇವ ಕುಡಿದ ಎಳೆ ಬಿಸಿಗೆ ಚಟಪಟ ಸಿಡಿದು, ಗಾಲಿಗಳು ಪದರು ಪದರಾಗಿ ಬಿಟ್ಟುಕೊಂಡಿದ್ದವು.

ಭೀಮಶಿ ಚೌಕಾಸಿ ಮಾಡಲಿಲ್ಲ. "ಇಷ್ಟು ಕೆಡತಾವಂದ್ರ ನಿಮಗೂ ಲುಕ್ಸಾನರಿ, ಪಾಪ" ಎಂದು ರೊಕ್ಕ ತೆಗೆದ. "ನೀವು ತಿಕ್ಕೂದು ನೋಡಾಕತ್ತಿದ್ದೆ. ಕೂಲಿ ಕಮ್ಮಿ ಹಿಡದೀರಿ, ಇನ್ನೊಂದಿಷ್ಟು ಹಿಡೀರಿ."

ಕಲ್ಮೇಶನ ಕಿವಿ ಬಿಸಿಯಾದವು. ಕ್ಯಾಲ್ಕುಲೇಟರ್ ಎಳೆದುಕೊಂಡು ಮತ್ತೆ ಒತ್ತಿದ. "ತಡೀರಿ, ಲೆಕ್ಕ ತಪ್ಪೇತಿ. ಕೆಡೂದು ಹತ್ತರಾಗ ಒಂದ" ಎಂದು ಬೆಲೆ ಇಳಿಸಿದ. ಸುರುಳಿ ತೇವ ಕುಡಿದ ಸುದ್ದಿಯನ್ನು ಮಾತ್ರ ಮುಚ್ಚಿಟ್ಟ.

ಭೀಮಶಿ ಬಾಗಿಲಿಗೆ ಹೋಗಿ, ಎದುರಿನ ಮಗ್ಗದವನನ್ನು ಕೂಗಿದ: "ಬಾರಪಾ ಇಲ್ಲಿ! ಕೊಡಾಕ ಬಂದ ರೊಕ್ಕಾ ಬ್ಯಾಡ ಅನ್ನೂ ಖರೆ ಮನಷಾರು ಅದಾರಿಲ್ಲಿ!"

ಕಲ್ಮೇಶ ಮೇಜಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಏನನ್ನೋ ಹುಡುಕತೊಡಗಿದ.