ನೆನಪಿಸಿ ಅಂತ ಒತ್ತಿದವರು

ಒಂದು ಬೆಡ್‌ಶೀಟಿಗೆ ಬಟ್ಟೆ ಮುನ್ನೂರ ಹತ್ತು, ಹೊಲಿಗೆ ನಲವತ್ತು, ಕವರು ಹನ್ನೆರಡು, ಕೊರಿಯರ್ ಅರವತ್ತು. ಒಟ್ಟು ನಾನೂರ ಇಪ್ಪತ್ತೆರಡು. ಫೋನಿನ ಲೈವ್‌ನಲ್ಲಿ ನಾನೂರ ತೊಂಬತ್ತೊಂಬತ್ತಕ್ಕೆ ಕೊಟ್ಟರೆ ಕೈಗೆ ಸಿಗುವುದು ಎಪ್ಪತ್ತೇಳು. ಅತ್ತಿಗೆಗೆ ಇದು ಬಾಯಿಪಾಠ. ಮಂಚದ ಮೇಲೆ ನೂರಿಪ್ಪತ್ತು ಬೆಡ್‌ಶೀಟು ಪೇರಿಸಿದ್ದವು. ಅವು ಖರ್ಚಾಗುವವರೆಗೆ ಗಂಡ ಹೆಂಡತಿ ಇಬ್ಬರಿಗೂ ನೆಲದ ಮೇಲೇ ಹಾಸಿಗೆ.

ಹಿಂದಿನ ಎರಡು ಲೈವ್‌ಗಳೂ ಮಣ್ಣುಪಾಲಾಗಿದ್ದವು. ಇವಳು ಏಳಕ್ಕೆ ಶುರು ಮಾಡುವ ಮೊದಲೇ, ಆರೂವರೆಗೆ, ಮೂಲೆಯ ಪರದೆ ಅಂಗಡಿಯವಳು ಲೈವ್‌ಗೆ ಬಂದು ಅಂಥದೇ ಬೆಡ್‌ಶೀಟನ್ನು ಐದು ಕಡಿಮೆಗೆ ಮಾರಿಬಿಟ್ಟಿದ್ದಳು. ಒಂದು ಸಲವಾದರೆ ಆಕಸ್ಮಿಕ. ಎರಡೂ ಸಲ ಸರಿಯಾಗಿ ಐದೇ ಕಡಿಮೆ ಅಂದರೆ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದೇ ಅರ್ಥ.

ಬೆಲೆ ಗೊತ್ತಿದ್ದವರು ಮೂರೇ ಜನ ಎಂಬುದು ಅತ್ತಿಗೆಯ ಲೆಕ್ಕ. ತಾನು, ಗಂಡ, ನಾದಿನಿ. ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತುವವನಲ್ಲ. ನಾದಿನಿ ಹಾಗಲ್ಲ. ಲೈವ್‌ಗೆ ಮುಂಚೆ ಹಾಕುವ ಪುಟ್ಟ ವಿಡಿಯೋಗಳಿಗೆ ಮಾತು ಬರೆದುಕೊಡುವುದೇ ಅವಳ ಕಸುಬು. ಊರಿನ ಎಂಟು ಅಂಗಡಿಗೆ ಬರೆಯುತ್ತಿದ್ದಳು, ಅಣ್ಣನ ಮನೆಗೆ ಮಾತ್ರ ಪುಕ್ಕಟೆ. ಸೋಮವಾರ ಅವಳು ಪರದೆ ಅಂಗಡಿಯಿಂದ ಇಳಿದು ಬಂದದ್ದನ್ನು ಅತ್ತಿಗೆ ಕಣ್ಣಾರೆ ಕಂಡಿದ್ದಳು.

"ಲೈವ್‌ನಲ್ಲಿ ನಿಮ್ಮ ಹಿಂದೆ ಕಟ್ಟೋಕೆ ಬಿಳಿ ಬಟ್ಟೆ ತರೋಕೆ ಹೋಗಿದ್ದೆ," ಎಂದಳು ನಾದಿನಿ.

"ನಮ್ಮನೇಲಿ ಬಟ್ಟೆಗೆ ಬರವಾ?"

"ಹೂವಿನ ಬೆಡ್‌ಶೀಟ್ ಹಿಂದೆ ಹೂವಿನ ಬೆಡ್‌ಶೀಟೇ ಕಟ್ಟಿದ್ರೆ ಮಾರೋದು ಯಾವುದು ಅಂತ ಗೊತ್ತಾಗಬೇಕಲ್ಲ ಅತ್ತಿಗೆ."

ಆ ದಿನ ಅವಳು ತಂದ ಬರಹವನ್ನು ಅತ್ತಿಗೆ ಎರಡು ಸಲ ಓದಿದಳು. "ಶನಿವಾರ ಸಂಜೆ ಏಳಕ್ಕೆ ಲೈವ್. ತೊಳೆದರೂ ಬಣ್ಣ ಬಿಡದ ಬೆಡ್‌ಶೀಟು, ಈವರೆಗೆ ಕೊಡದ ಬೆಲೆಗೆ. ಎಷ್ಟು ಅಂತ ಅವತ್ತೇ ಹೇಳ್ತೀನಿ, ಮೊದಲು ಬಂದ ಐವತ್ತು ಜನಕ್ಕೆ ಮಾತ್ರ. ಮರೆತುಹೋಗ್ತೀರಿ, ಕೆಳಗೆ 'ನೆನಪಿಸಿ' ಅಂತ ಇದೆ, ಈಗಲೇ ಒತ್ತಿ."

"ಬೆಲೆ ಎಲ್ಲಿ?"

"ಬೇಕಂತಲೇ ಬಿಟ್ಟಿದೀನಿ. ಹಿಂದಿನ ಎರಡು ಸಲ ನಾಲ್ಕು ದಿನ ಮುಂಚೆ ನೀವೇ ವಿಡಿಯೋದಲ್ಲಿ ನಾನೂರ ತೊಂಬತ್ತೊಂಬತ್ತು ಅಂತ ಕೂಗಿದ್ರಿ. ಕೇಳಿಸಿಕೊಳ್ಳೋರು ಗಿರಾಕಿಗಳು ಮಾತ್ರವಾ?"

ಮಾತೇನೋ ಸರಿಯಾಗಿಯೇ ಇತ್ತು. ಆದರೆ ಕಳ್ಳತನ ಮುಚ್ಚುವವರೂ ಹೀಗೇ ಸರಿಯಾಗಿ ಮಾತಾಡುತ್ತಾರೆ ಎಂದು ಅತ್ತಿಗೆಗೆ ಅನಿಸಿತು.

"ನೀನು ಹೇಳಿದ ಹಾಗೇ ಆಗಲಿ," ಎಂದಳು, ಬಾಯಲ್ಲಿ ಮಾತ್ರ.

ವಿಡಿಯೋ ಹೋಯಿತು. 'ನೆನಪಿಸಿ' ಒತ್ತಿದವರಿಗೆ ಲೈವ್ ಶುರುವಾಗುವಾಗ ಫೋನೇ ಎಚ್ಚರಿಸುತ್ತದೆ. ಶನಿವಾರ ಮಧ್ಯಾಹ್ನಕ್ಕೆ ಹಾಗೆ ಒತ್ತಿದವರು ನಾನೂರ ಹನ್ನೆರಡು. ಅಷ್ಟು ಜನ ಹಿಂದೆಂದೂ ಒತ್ತಿರಲಿಲ್ಲ. ಅತ್ತಿಗೆಗೆ ಇನ್ನೂ ಭಯವಾಯಿತು. ಇಷ್ಟು ಜನರನ್ನು ನಾದಿನಿ ಆರೂವರೆಗೆ ಆ ಅಂಗಡಿಗೆ ಸಾಗಿಸಿದರೆ? ಯಾರಿಗೂ ಹೇಳದೆ ಫೋನು ಹಿಡಿದು ಕೂತಳು. ಏಳು ಗಂಟೆಯ ಲೈವನ್ನು ಅಳಿಸಿದಳು. ಆರಕ್ಕೆ ಹೊಸದೊಂದು ಹಾಕಿದಳು. "ಇವತ್ತು ಆರಕ್ಕೇ ಬನ್ನಿ" ಎಂದು ತಾನೇ ಒಂದು ವಿಡಿಯೋ ಮಾಡಿ ಬಿಟ್ಟಳು.

ಆರು ಗಂಟೆಗೆ ದೀಪ ಹಚ್ಚಿ ಬಿಳಿ ಬಟ್ಟೆಯ ಮುಂದೆ ನಿಂತಾಗ ನೋಡುತ್ತಿದ್ದವರು ಒಂಬತ್ತು ಜನ. ಅದರಲ್ಲಿ ಒಬ್ಬಳು ಅವಳ ಸ್ವಂತ ತಂಗಿ. ಅರ್ಧ ಗಂಟೆ ಬಡಿದಾಡಿದರೂ ಹೋದದ್ದು ಮೂರು.

ಆರೂವರೆಗೆ ಪರದೆ ಅಂಗಡಿಯವಳು ಬಂದಳು. ಅತ್ತಿಗೆ ಗಂಡನ ಫೋನಿನಲ್ಲಿ ಇಣುಕಿದಳು. ಅವಳು ಹೇಳಿದ ಬೆಲೆ ನಾನೂರ ತೊಂಬತ್ತನಾಲ್ಕು, ಹೋದ ಸಲದ್ದೇ. ಈ ಸಲ ಅತ್ತಿಗೆ ನಿಗದಿ ಮಾಡಿದ್ದು ನಾನೂರ ಎಪ್ಪತ್ತೈದು. ಅದು ನಾದಿನಿಗೆ ಸೋಮವಾರದಿಂದಲೇ ಗೊತ್ತಿತ್ತು. ಪರದೆ ಅಂಗಡಿಯವಳಿಗೆ ಗೊತ್ತಿರಲಿಲ್ಲ.

ಆರೂ ಮುಕ್ಕಾಲಿಗೆ ನಾದಿನಿ ಬಂದು ಫೋನು ನೋಡಿದಳು.

"ಏಳರ ಲೈವ್ ಏನಾಯ್ತು?"

"ಅಳಿಸಿದೆ. ಆರಕ್ಕೆ ಮಾಡಿದೆ."

"ಸಮಯ ತಿದ್ದೋಕೆ ಅಲ್ಲೇ ಜಾಗ ಇತ್ತು. ತಿದ್ದಿದ್ರೆ ಒತ್ತಿದವರಿಗೆಲ್ಲ ಹೊಸ ಸಮಯ ತಾನಾಗೇ ಹೋಗ್ತಿತ್ತು. ಅಳಿಸಿದ್ರೆ ನಾನೂರ ಹನ್ನೆರಡು ಜನರೂ ಅದರ ಜೊತೆಗೇ ಹೋದ ಹಾಗೆ. ಯಾಕೆ ಅಳಿಸಿದ್ರಿ?"

ಅತ್ತಿಗೆ ಮಡಿಸಿದ ಬೆಡ್‌ಶೀಟನ್ನೇ ಮತ್ತೆ ಮಡಿಸಿದಳು.

"ನನ್ನ ಮೇಲೆ ಅನುಮಾನನಾ?"

"ನೀನು ಆ ಅಂಗಡಿಗೆ ಹೋಗಿದ್ದೆಯಲ್ಲ..."

ಯಂತ್ರದ ಸದ್ದು ನಿಂತಿತು. ಗಂಡ ಮೊದಲ ಸಲ ತಲೆ ಎತ್ತಿ ಇಬ್ಬರನ್ನೂ ನೋಡಿದ.

ನಾದಿನಿ ಜಗಳ ಆಡಲಿಲ್ಲ. "ಹಳೇ ವಿಡಿಯೋ ನೋಡಿದವರು ಏಳಕ್ಕೆ ಬಂದೇ ಬರ್ತಾರೆ. ದೀಪ ಆರಿಸಬೇಡಿ," ಎಂದು ಏಳಕ್ಕೆ ಮತ್ತೊಮ್ಮೆ ಲೈವ್ ಶುರು ಮಾಡಿಸಿದಳು. ತಾವಾಗಿ ನೆನಪಿಟ್ಟುಕೊಂಡವರು ನಲವತ್ತು ಜನ ಬಂದರು. ಇಪ್ಪತ್ತೊಂದು ಹೋದವು. ಎಂಟೂವರೆಗೆ ಅವಳು ಚಪ್ಪಲಿ ಮೆಟ್ಟಿಕೊಂಡಳು.

"ಊಟ ಮಾಡ್ಕೊಂಡು ಹೋಗೇ," ಎಂದಳು ಅತ್ತಿಗೆ. "ತಪ್ಪಾಯ್ತು."

"ಹಸಿವಿಲ್ಲ ಅತ್ತಿಗೆ. ಮುಂದಿನ ವಾರದ್ದು ಬುಧವಾರ ಬರೆದುಕೊಡ್ತೀನಿ. ಆದರೆ ಬೇರೆ ಅಂಗಡಿಯವರು ಎಷ್ಟು ಕೊಡ್ತಾರೋ ನೀವೂ ಅಷ್ಟೇ ಕೊಡಿ."

ಅತ್ತಿಗೆ ಒಪ್ಪಿದಳು. ಆ ದಿನ ಮಾರಿದ್ದು ಇಪ್ಪತ್ತನಾಲ್ಕು, ಮಂಚದ ಮೇಲೆ ಉಳಿದದ್ದು ತೊಂಬತ್ತಾರು. ಸುದ್ದಿ ಮುಟ್ಟಿಸುತ್ತಿದ್ದವರು ಯಾರು ಎಂದು ಅವಳಿಗೆ ಗೊತ್ತಾಯಿತು: ವಿಡಿಯೋದಲ್ಲಿ ಬೆಲೆ ಕೂಗಿದ ತಾನೇ. ಪುಕ್ಕಟೆ ಬರೆದುಕೊಡುತ್ತಿದ್ದ ನಾದಿನಿ ಅಂದಿನಿಂದ ಒಂದು ವಿಡಿಯೋಗೆ ಇನ್ನೂರು ತೆಗೆದುಕೊಳ್ಳುತ್ತಾಳೆ.